ಒಂದು ಕಥೆ, ಒಂದು ಹಾಡು: ಜನಪದ ಕಥೆಯೊಂದು ನಾಲ್ಕೂವರೆ ನಿಮಿಷದ ಅನಿಮೇಷನ್ ಆದ ಬಗೆ

ಕಳೆದ ವಾರ ನಮ್ಮ ಕಿರುಚಿತ್ರದ ಕೊನೆಯ ಪ್ರತಿ ಕೈಗೆ ಬಂತು. ಶುರು ಮಾಡಿ ಹದಿನಾಲ್ಕು ತಿಂಗಳಾಗಿತ್ತು. ಚಿತ್ರ ಬಿಡಿಸುವವರು ನಾವು ಇಬ್ಬರು, ಡೊಂಬಿವಲಿಯಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು. ಜನಪದ ಕಥೆಯೊಂದನ್ನು ಅನಿಮೇಷನ್ ಮಾಡಬೇಕೆಂದಿರುವ ಕನ್ನಡದವರು ಮುಂಬಯಿ, ಪುಣೆಗಳಲ್ಲಿ ಇನ್ನೂ ಹಲವರಿದ್ದಾರೆ. ನಾವು ಮೂರು ತಿಂಗಳು ಕಳೆದುಕೊಂಡ ಕಡೆ ಅವರು ಮೂರು ದಿನವನ್ನೂ ಕಳೆಯಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಕಥೆ. ಒಬ್ಬ ಹೆಣ್ಣುಮಗಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಎರಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಒಳಗೆ ಉಸಿರುಗಟ್ಟಿದ ಕಥೆ, ಹಾಡು ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಒಂದು ಜೊತೆ ಕೆರವಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿದ, ಯಾರು ಬಂದಿದ್ದಾರೆ ಎಂದು ಕೇಳಿದ. ಆಕೆಗೆ ಗೊತ್ತಿದ್ದರೆ ತಾನೇ ಹೇಳಲು. ಜಗಳವಾಯಿತು. ಆತ ಕಂಬಳಿ ಹೊದ್ದು ಹಣಮಪ್ಪನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ರಾತ್ರಿ ಆ ಗುಡಿಗೆ ಬಂದು ಮಾತಾಡುತ್ತವೆ. ಅಂದು ಒಂದು ಕುಡಿ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದಾಗ ಆ ಮನೆಯ ಜಗಳ, ಕೆರ ಕೋಟುಗಳ ಗುಟ್ಟು ಎಲ್ಲ ಹೇಳಿತು. ಗಂಡ ಕೇಳಿಸಿಕೊಂಡ, ಸಮಾಧಾನವಾಯಿತು. ಬೆಳಗ್ಗೆ ಮನೆಗೆ ಬಂದು ನಿನ್ನ ಕಥೆ, ನಿನ್ನ ಹಾಡು ಯಾವುದು ಎಂದು ಕೇಳಿದ. ಆಕೆಗೆ ಎರಡೂ ಮರೆತುಹೋಗಿದ್ದವು. “ಯಾವ ಕಥಿ? ಯಾವ ಹಾಡ?” ಅಂದಳು. ಕಥೆ ಮುಗಿಯಿತು.

ಇಂಥ ಕಥೆ ಎಲ್ಲರದು, ಯಾರ ಅನುಮತಿಯೂ ಬೇಡ ಎಂದುಕೊಂಡು ಸ್ಟೋರಿಬೋರ್ಡಿಗೆ ಕೈಹಾಕಿದ್ದು ನಮ್ಮ ಮೊದಲ ತಪ್ಪು. ಕಥೆ ಎಲ್ಲರದು ಹೌದು, ಆದರೆ ಅದರ ಒಂದೊಂದು ರೂಪ ಒಬ್ಬೊಬ್ಬರದು. ಈ ಕಥೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದಿದ್ದಾರೆ. ಅವರು ತೀರಿಕೊಂಡದ್ದು 1993ರಲ್ಲಿ. ನಮ್ಮ ಕಾಯ್ದೆಯಲ್ಲಿ ಬರಹದ ಹಕ್ಕು ಲೇಖಕರ ನಂತರ 60 ವರ್ಷ ಇರುತ್ತದೆ, ಆ ಲೆಕ್ಕ ಮರುವರ್ಷದ ಆರಂಭದಿಂದ ಶುರುವಾಗುತ್ತದೆ. ಹಾಗಾಗಿ ಅವರ ವಾಕ್ಯಗಳಿಗೆ 2053ರ ಕೊನೆಯವರೆಗೂ ಹಕ್ಕಿದೆ. ಗುಡಿಯಲ್ಲಿ ಕೂಡುವ ದೀಪಗಳನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ದ ಆರಂಭಕ್ಕೆ ಬಳಸಿಕೊಂಡಿದ್ದಾರೆ. ಅಲ್ಲಿ ಕುಡಿಗಳು ಹೆಂಗಸರ ದನಿಯಲ್ಲಿ ಮಾತಾಡುತ್ತವೆ, ಕಥೆಯೇ ಹೆಣ್ಣಾಗಿ ರಂಗಕ್ಕೆ ಬರುತ್ತದೆ. ಆ ಕಲ್ಪನೆ ಅವರದು, ಅದನ್ನು ಮುಟ್ಟುವಂತಿಲ್ಲ. ನಮ್ಮ ಮೊದಲ ಬೋರ್ಡಿನಲ್ಲಿ ಕಥೆ ಸೀರೆಯುಟ್ಟ ಹೆಣ್ಣಾಗಿಯೇ ಬಂದಿತ್ತು. ಎಲ್ಲಿಂದ ಬಂತೆಂದು ನಮಗೇ ನೆನಪಿರಲಿಲ್ಲ. ಅಷ್ಟೂ ಹಾಳೆ ತೆಗೆದುಹಾಕಬೇಕಾಯಿತು.

ಸರಿಯಾದ ದಾರಿ ಎಂದರೆ ಕಥೆಯನ್ನು ಹೇಳುವವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿ ಅದರ ಮೇಲೆ ಕೆಲಸ ಮಾಡುವುದು. ಗದಗ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರು ಇದನ್ನು ಹೇಳಿಕೊಟ್ಟರು. ಹೇಳುವ ವ್ಯಕ್ತಿಯೂ ಕಾಯ್ದೆಯ ಕಣ್ಣಲ್ಲಿ ಕಲಾವಿದರೇ. ಅವರ ದನಿಯ ಮುದ್ರಿಕೆಯ ಮೇಲೆ ಅವರಿಗೆ 50 ವರ್ಷದ ಹಕ್ಕಿರುತ್ತದೆ, ಆದ್ದರಿಂದ ಬರಹದ ಒಪ್ಪಿಗೆ ಬೇಕು. ಅದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು, ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಮನೆಯವರಿಬ್ಬರ ಸಾಕ್ಷಿ ಹಾಕಿಸಿದೆವು. ದನಿಯನ್ನು ಯಾವ ಚಿತ್ರಕ್ಕೆ ಬಳಸುತ್ತೇವೆ, ಹೆಸರು ಎಲ್ಲಿ ಬರುತ್ತದೆ, ಕೊಡುವ ಹಣ ಎಷ್ಟು, ಎಲ್ಲವೂ ಅದರಲ್ಲಿತ್ತು. ಮುಖ್ಯವಾಗಿ, ಈ ಕಥೆಯನ್ನು ಅವರು ಇನ್ನಾರಿಗೆ ಬೇಕಾದರೂ ಹೇಳಬಹುದು ಎಂಬ ಮಾತಿತ್ತು. ಆ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಕಥೆಯನ್ನೇ ನಾವು ಕೊಂಡುಕೊಂಡಂತೆ ಆಗುತ್ತದೆ.

ದನಿಗಾಗಿ ಅಜ್ಜಿಯನ್ನು ಸ್ಟುಡಿಯೋಕ್ಕೆ ಕರೆದೊಯ್ದದ್ದು ಫಲ ಕೊಡಲಿಲ್ಲ. ಗಾಜಿನ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೇಳಿದ ಕಥೆ ಪಾಠ ಒಪ್ಪಿಸಿದ ಹಾಗಿತ್ತು. ಕಥೆ ಹೇಳಲು ಎದುರಿಗೆ ‘ಹೂಂ’ ಅನ್ನುವವರು ಬೇಕು. ಕೊನೆಗೆ ಅವರ ಮನೆಯಲ್ಲೇ, ಮಧ್ಯಾಹ್ನ ಹನ್ನೊಂದರಿಂದ ಎರಡರ ನಡುವೆ, ಫ್ಯಾನು ಫ್ರಿಜ್ಜು ಆರಿಸಿ, ಕಿಟಕಿಗೆ ಎರಡೆರಡು ಕೌದಿ ನೇತುಹಾಕಿ ಮುದ್ರಿಸಿದೆವು. ಲೋಕಲ್ ರೈಲಿನ ಹಾರನ್ನು ಎರಡು ಸಲ ಒಳಬಂತು. ಅಷ್ಟನ್ನು ಮತ್ತೆ ಹೇಳಿಸಿದೆವು.

ಆ ಮುದ್ರಿಕೆ 9 ನಿಮಿಷ 40 ಸೆಕೆಂಡ್ ಇತ್ತು. ನಮ್ಮ ಕೈಲಾಗುವುದು ನಾಲ್ಕೂವರೆ ನಿಮಿಷ. ಇದು ಕೇವಲ ಅಂದಾಜಲ್ಲ. ಸೆಕೆಂಡಿಗೆ 24 ಫ್ರೇಮು, ಒಂದೊಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿದರೆ ಸೆಕೆಂಡಿಗೆ 12 ಚಿತ್ರ, 270 ಸೆಕೆಂಡಿಗೆ 3,240 ಚಿತ್ರ. ಇಬ್ಬರೂ ಸೇರಿ ದಿನಕ್ಕೆ ಸರಾಸರಿ 4 ಸೆಕೆಂಡ್ ಮುಗಿಸುತ್ತಿದ್ದೆವು, ಅದೂ ಕಚ್ಚಾ ಗೆರೆಯಲ್ಲಿ. ಕಥೆ ಒಂದು ನಿಮಿಷ ಉದ್ದವಾದರೆ ಕೆಲಸ ಹದಿನೈದು ದಿನ ಉದ್ದವಾಗುತ್ತದೆ.

ಕತ್ತರಿಸುವ ಮೊದಲು ಅಜ್ಜಿ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿದ್ದಾರೆ ಎಂದು ಗಡಿಯಾರ ಹಿಡಿದು ಬರೆದುಕೊಂಡೆವು. ಇಡೀ ಕೆಲಸದಲ್ಲಿ ನಮಗೆ ಅತಿ ಹೆಚ್ಚು ನೆರವಾದದ್ದು ಇದೇ ಹಾಳೆ. ಆಕೆ ಕಥೆ ಹೇಳದೆ ಉಳಿದ ವರ್ಷಗಳಿಗೆ 150 ಸೆಕೆಂಡ್, ಕಥೆ ಹಾಡು ಬಾಯಿಂದ ಬಿದ್ದು ಕೆರ ಕೋಟಾಗುವುದಕ್ಕೆ ಬರೀ 25, ಜಗಳಕ್ಕೆ 160, ಗುಡಿಯ ದೀಪಗಳಿಗೆ 210, ಬೆಳಗಿನ ಕೊನೆಗೆ 35. ನೋಡಿದ ಕೂಡಲೆ ಒಂದು ವಿಷಯ ಕಾಣಿಸಿತು. ಬಾಯಿಮಾತು ಮಾತಿರುವ ಕಡೆ ಹೊತ್ತು ತೆಗೆದುಕೊಳ್ಳುತ್ತದೆ, ಒಂದು ಇನ್ನೊಂದಾಗುವ ಕಡೆ ಒಂದೇ ವಾಕ್ಯದಲ್ಲಿ ದಾಟುತ್ತದೆ. “ಕಥಿ ಕೆರ ಆತು” ಅಂದರೆ ಕೇಳುವವನ ತಲೆಯಲ್ಲಿ ಆಗಿಹೋಯಿತು. ಚಿತ್ರಕ್ಕೆ ಇದು ತಿರುಗುಮುರುಗು. ಮಾತನ್ನು ಕಡಿಮೆ ಮಾಡಬಹುದು, ಆದರೆ ಕಥೆ ಕೆರವಾಗುವುದನ್ನು ತೋರಿಸಲೇಬೇಕು. ಕೊನೆಯಲ್ಲಿ ನಮ್ಮ ಲೆಕ್ಕ ಹೀಗೆ ನಿಂತಿತು: ಆರಂಭ 35, ಹೊರಬೀಳುವುದು 45, ಗಂಡ ಬರುವುದು ಮತ್ತು ಜಗಳ 55, ಗುಡಿಗೆ ನಡೆಯುವುದು 15, ದೀಪಗಳು 60, ಮರಳಿ ಬಂದು ಕೇಳುವುದು 25, ಅದರ ನಂತರದ ಬೆಳಗು 35. ಎಲ್ಲ ಕಡೆ ಅರ್ಧರ್ಧ ಕತ್ತರಿಸಿದ್ದರೆ ಚಿತ್ರ ಅವಸರದಲ್ಲಿ ಓಡಿದ ಹಾಗೆ ಆಗುತ್ತಿತ್ತು. ಎರಡು ಕಡೆ ಹಿಗ್ಗಿಸಿದ್ದರಿಂದಲೇ ಉಳಿದ ಕಡೆ ಅಷ್ಟು ಕತ್ತರಿಸಲು ಸಾಧ್ಯವಾಯಿತು.

ಅಜ್ಜಿಯ ಕಥೆಯಲ್ಲಿ ಆಕೆಯನ್ನು ಮೂರು ಸಲ ಕೇಳುತ್ತಾರೆ. ರೊಟ್ಟಿ ಬಡಿಯುವಾಗ ಓರಗಿತ್ತಿ, ಹುಣ್ಣಿವೆಯ ರಾತ್ರಿ ಓಣಿಯವರು, ಮಲಗುವಾಗ ಮಗು. ಮೂರು ಸಲವೂ ಆಕೆ ಸುಮ್ಮನಿರುತ್ತಾಳೆ. ಕೇಳುವ ಕಥೆಗೆ ಈ ಮೂರು ಬೇಕು, ಕಿವಿ ಅದರಲ್ಲೇ ಲಯ ಹಿಡಿಯುವುದು. ಚಿತ್ರದಲ್ಲಿ ಎರಡನೆಯ ಸಲಕ್ಕೇ ನೋಡುವವರಿಗೆ ಗೊತ್ತಾಗಿಬಿಡುತ್ತದೆ, ಮೂರನೆಯದು ಬರುವ ಹೊತ್ತಿಗೆ ಅವರು ಮುಂದೆ ಹೋಗಿ ಕಾಯುತ್ತಿರುತ್ತಾರೆ. ನಾವು ಮಗುವನ್ನು ಮಾತ್ರ ಉಳಿಸಿಕೊಂಡೆವು, ಹೆಚ್ಚು ನೋಯಿಸುವುದು ಅದೇ. ವರ್ಷಗಳು ಕಳೆದದ್ದನ್ನು ಆಕೆ ಹಾಕುವ ಕಸೂತಿಯ ಸೆರಗಿನಿಂದ ತೋರಿಸಿದೆವು. ಒಂದೇ ಕೋನದಲ್ಲಿ ಮೂರು ಶಾಟು, ಮೂರು ಮೂರು ಸೆಕೆಂಡ್, ಪ್ರತಿ ಸಲ ಕಸೂತಿ ಉದ್ದವಾಗಿರುತ್ತದೆ. ಅಜ್ಜಿಯ ದನಿ ಇರುವುದು ಮೊದಲ 9 ಸೆಕೆಂಡ್ ಮಾತ್ರ: “ಒಬ್ಬಾಕಿ ಇದ್ದಳು. ಆಕಿಗೊಂದು ಕಥಿ ಗೊತ್ತಿತ್ತು, ಒಂದು ಹಾಡ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.” ಒಳಗಿರುವುದು ಕಥೆ ಮತ್ತು ಹಾಡು ಎಂಬುದನ್ನು ಚಿತ್ರದಿಂದಷ್ಟೇ ಹೇಳಲು ಎಷ್ಟು ಹೆಣಗಿದರೂ ಆಗಲಿಲ್ಲ. ಆಗದ ಕಡೆ ಮಾತು ಬಳಸುವುದರಲ್ಲಿ ಸಂಕೋಚ ಬೇಡ.

ಕತ್ತರಿಸುವಾಗ ಒಂದು ದೊಡ್ಡ ತಪ್ಪೂ ಮಾಡಿದೆವು. 45 ಸೆಕೆಂಡಿನ ಆ ಕಷ್ಟದ ಭಾಗವನ್ನೇ ತೆಗೆದು, ಗಂಡನ ಜೊತೆಗೇ ನಾವೂ ಕೆರವನ್ನು ಮೊದಲ ಸಲ ನೋಡುವ ಹಾಗೆ ಮಾಡಿದರೆ ಕುತೂಹಲ ಹೆಚ್ಚುತ್ತದೆ ಅನ್ನಿಸಿತು. ಅನಿಮ್ಯಾಟಿಕ್ ಮಾಡಿ, ಅಂದರೆ ಬೋರ್ಡಿನ ಚಿತ್ರಗಳನ್ನು ಕಾಲಕ್ಕೆ ಹೊಂದಿಸಿ ದನಿ ಸೇರಿಸಿ, ಪರಿಚಯದ ಒಂಬತ್ತು ಜನಕ್ಕೆ ತೋರಿಸಿದೆವು. ನಾಲ್ವರು ಮರಾಠಿಯವರು, ಐವರು ನಮ್ಮವರು. ಕೆರ ಕಂಡ ಕ್ಷಣದಿಂದ ದೀಪ ಮಾತಾಡುವವರೆಗೂ ಒಂಬತ್ತು ಜನರೂ ಆಕೆಯನ್ನು ಅನುಮಾನಿಸಿದರು. ಎರಡು ನಿಮಿಷ ಆಕೆ ಕಟಕಟೆಯಲ್ಲಿ ನಿಂತಿರುತ್ತಾಳೆ, ದೀಪ ಬಂದು ಬಿಡಿಸುತ್ತದೆ. ಆಗ ಇದು ಆಕೆಯ ನಡತೆಯ ಕಥೆಯಾಗುತ್ತದೆ. ಜನಪದ ಕಥೆ ಆ ಅನುಮಾನವನ್ನು ಗಂಡನಿಗೆ ಮಾತ್ರ ಬಿಟ್ಟಿದೆ, ಕೇಳುವವರಿಗೆ ಮೊದಲೇ ನಿಜ ಹೇಳಿದೆ. ಅದನ್ನು ಮುಚ್ಚಿಟ್ಟರೆ ಕೊನೆಯ ಮಾತಿಗೆ ತೂಕವೇ ಇರುವುದಿಲ್ಲ. ಭಾಗವನ್ನು ಹಿಂದಕ್ಕೆ ತಂದೆವು.

ಇಲ್ಲಿಂದಲೇ ನಾವು ಕೆಲಸದ ಕ್ರಮ ಬದಲಿಸಿಕೊಂಡದ್ದು. ಮೊದಲು ಕೊನೆಯ ಒಂದು ನಿಮಿಷವನ್ನು ಬೋರ್ಡಿನಲ್ಲಿ ನಿಲ್ಲಿಸಿ, ಆಮೇಲೆ ಏನನ್ನೇ ತೆಗೆದರೂ ಸೇರಿಸಿದರೂ ಕೊನೆಗೆ ಏನಾಗುತ್ತದೆ ಎಂದು ನೋಡುವುದು.

ಇನ್ನು ಆಕಾರಗಳ ಆಯ್ಕೆ. ಮೊದಲ ಹಾಳೆಗಳಲ್ಲಿ ತೊಗಲು ಗೊಂಬೆಯ ನೆರಳು, ಆಲದ ಮರ, ಹಕ್ಕಿ, ಕಸೂತಿ ಎಲ್ಲ ಇದ್ದವು. ಒಂದೊಂದೂ ಚೆಂದ, ಒಟ್ಟಿಗೆ ಯಾವುದಕ್ಕೂ ಅರ್ಥವಿರಲಿಲ್ಲ. ಹಕ್ಕಿಯನ್ನು ಬಿಡಲು ಮನಸ್ಸಾಗಿರಲಿಲ್ಲ. ಬಾಯಿಂದ ಹಕ್ಕಿ ಹಾರಿಹೋಗುವ ಶಾಟು ಬಿಡಿಸಿಯೂ ಆಗಿತ್ತು. ಆದರೆ ಹಕ್ಕಿ ಹಾರಿದರೆ ನೋಡುವವರಿಗೆ ಬಿಡುಗಡೆಯ ಸಂತೋಷವಾಗುತ್ತದೆ. ಇಲ್ಲಿ ಹೊರಬಿದ್ದ ಕಥೆ ಸಿಟ್ಟಿನಿಂದ ಬಾಗಿಲಲ್ಲಿ ಕೂತು ಮನೆ ಒಡೆಯುತ್ತದೆ. ಜೊತೆಗೆ ಹಕ್ಕಿ ಕೆರವಾಗಬೇಕಾದರೆ ಮಧ್ಯೆ ಇನ್ನೊಂದು ರೂಪ ಬೇಕಾಗುತ್ತದೆ, ಅದಕ್ಕೆ ಇನ್ನೂ ಹತ್ತು ಸೆಕೆಂಡ್. ಹಕ್ಕಿಯನ್ನು ಬಿಟ್ಟೆವು.

ಉಳಿದದ್ದು ದಾರ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ದಿಕ್ಕಿಗೆ ಹೋಗುವಾಗ ಒಂದು ಗೆರೆ, ಒಂದು ಸಂದು, ಒಂದು ಗೆರೆ, ಒಂದು ಸಂದು ಬಿಡುತ್ತಾ ಹೋಗುತ್ತದೆ. ಮರಳಿ ಬರುವಾಗ ಆ ಸಂದುಗಳನ್ನೇ ತುಂಬುತ್ತದೆ. ಮುಗಿದ ಮೇಲೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಹೋಗುವುದು, ಮರಳಿ ಬಂದು ತುಂಬುವುದು. ನಮ್ಮ ಕಥೆಯಲ್ಲಿ ಹೋದದ್ದು ಮರಳುವುದಿಲ್ಲ. ಇದು ಹೊಳೆದ ದಿನ ಚಿತ್ರದ ಅರ್ಧ ಕೆಲಸ ಮುಗಿಯಿತು. ಚಿತ್ರದುದ್ದಕ್ಕೂ ಆಕೆಯ ಸೆರಗಿನಲ್ಲಿ ಹೋಗುವ ಸಾಲು ಮಾತ್ರ ಇರುತ್ತದೆ, ಸಂದುಗಳು ತುಂಬಿರುವುದಿಲ್ಲ. ಬಟ್ಟೆ ಕಪ್ಪು ಚಂದ್ರಕಾಳಿ ಸೀರೆ, ಹಾಗಾಗಿ ರಾತ್ರಿ ಮತ್ತು ಬಟ್ಟೆ ಒಂದೇ ಬಣ್ಣದಲ್ಲಿ ಬೆರೆಯುತ್ತವೆ. ಕಥೆಗೆ ಕೆಂಪು ದಾರ, ನೇರ ಗವಂತಿ. ಹಾಡಿಗೆ ಅರಿಸಿನದ ದಾರ, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಮುರ್ಗಿ. ಎರಡಕ್ಕೂ ಬಣ್ಣವಷ್ಟೇ ಅಲ್ಲದೆ ಆಕಾರವೂ ಬೇರೆ ಇರಬೇಕು, ಮಂಕಾದ ಪರದೆಯಲ್ಲಿ ಬಣ್ಣ ಕೈಕೊಡುತ್ತದೆ.

ಬಾಯಿಂದ ಬಂದ ದಾರ ಹೊಸ್ತಿಲ ಆಚೆ ಸುತ್ತಿಕೊಂಡು ಕೆರವಾಗುತ್ತದೆ, ಇನ್ನೊಂದು ಗೂಟ ಹತ್ತಿ ಕೋಟಾಗುತ್ತದೆ. ಆಗಿ ಮುಗಿದ ಮೇಲೂ ಕೆರದ ಮೇಲೆ ಕೆಂಪು ಗವಂತಿಯ ಸಾಲು, ಕೋಟಿನ ಅಂಚಿಗೆ ಅರಿಸಿನದ ಮುರ್ಗಿ ಉಳಿಯಬೇಕು. ಒಂದು ಕರಡಿನಲ್ಲಿ ಇದನ್ನು ಬಿಟ್ಟಿದ್ದೆವು. ಕೆರ ಆಗುವುದನ್ನು ಕಣ್ಣಾರೆ ಕಂಡವರೂ ಮುಂದಿನ ಶಾಟಿನಲ್ಲಿ ಅದೇ ಕೆರವನ್ನು ಗುರುತಿಸಲಿಲ್ಲ. ಗುರುತು ಉಳಿಸಿದ ಮೇಲೆ ಯಾರೂ ಕೇಳಲಿಲ್ಲ.

ಕಸೂತಿ ಬಲ್ಲ ಹೆಣ್ಣುಮಗಳೊಬ್ಬರಿಗೆ ತೋರಿಸಿದ್ದು ಒಳ್ಳೆಯದಾಯಿತು. ದಾರದ ತುದಿಗೆ ನಾವು ಗಂಟು ಬಿಡಿಸಿದ್ದೆವು. “ಕಸೂತ್ಯಾಗ ಗಂಟ ಹಾಕೂದಿಲ್ರಿ, ತುದಿ ಹೊಲಿಗಿ ಕೆಳಗ ಮುಚ್ಚತೇವಿ” ಅಂದರು. ಬಟ್ಟೆಯ ಎಳೆ ಎಣಿಸಿ ಹಾಕುವುದರಿಂದ ಹೊಲಿಗೆಗಳೆಲ್ಲ ಸಮ ಉದ್ದವಿರಬೇಕು, ನಮ್ಮವು ಕೈ ಹೋದ ಹಾಗೆ ಇದ್ದವು. ಗಂಟಿದ್ದ 31 ಚಿತ್ರ ತಿದ್ದಿದೆವು. ನೀವು ಯಾವ ಕೈಕೆಲಸವನ್ನು ಆಕಾರವಾಗಿ ತೆಗೆದುಕೊಂಡರೂ ಅದನ್ನು ಮಾಡುವವರಿಗೆ ಬೋರ್ಡಿನ ಹಂತದಲ್ಲೇ ತೋರಿಸಿ, ಬಣ್ಣ ತುಂಬಿದ ಮೇಲೆ ಅಲ್ಲ.

ನಿರೀಕ್ಷಿಸದ ತೊಂದರೆ ಬಂದದ್ದು ಗೆರೆಯ ದಪ್ಪದಿಂದ. ಸಣ್ಣ ಹೊಲಿಗೆ ಕಾಗದದ ಮೇಲೆ ಸೊಗಸು. ಪರದೆಯಲ್ಲಿ ಒಂದೆರಡು ಪಿಕ್ಸೆಲ್‌ನ ಓರೆ ಗೆರೆ, ಅದೂ ಕ್ಯಾಮೆರಾ ನಿಧಾನ ಸರಿಯುವಾಗ, ಇರುವೆ ಹರಿದಂತೆ ಮಿಣಮಿಣ ಅನ್ನುತ್ತದೆ. ಒಂದು ಗೆರೆ ಎರಡು ಪಿಕ್ಸೆಲ್ ಸಾಲುಗಳ ನಡುವೆ ಬಿದ್ದಾಗ ಪ್ರತಿ ಫ್ರೇಮಿಗೂ ಅದರ ಹೊಳಪು ಬದಲಾಗುವುದೇ ಕಾರಣ. ಸ್ಥಿರ ಚಿತ್ರದಲ್ಲಿ ಇದು ಕಾಣುವುದೇ ಇಲ್ಲ, ಓಡಿಸಿ ನೋಡಬೇಕು. ನಾವು ಗೆರೆಯನ್ನು 4 ಪಿಕ್ಸೆಲ್‌ಗೆ, ಒಂದು ಹೊಲಿಗೆಯನ್ನು 12 ಪಿಕ್ಸೆಲ್‌ಗೆ ಕಟ್ಟಿದೆವು. ನಿಧಾನದ ಸರಿತ ಬಿಟ್ಟು, ಬಟ್ಟೆ ಚಲಿಸಿದಾಗೆಲ್ಲ ಇಡೀ ಹೊಲಿಗೆಯ ಅಳತೆಯಲ್ಲೇ ಚಲಿಸುವಂತೆ ಮಾಡಿದೆವು. ಅದರಿಂದ ಚಿತ್ರಕ್ಕೆ ಹೊಲಿದ ಹಾಗಿನ ನಡಿಗೆಯೂ ಬಂತು.

ಗುಡಿಯ ದೀಪಗಳಿಗೆ 210 ಸೆಕೆಂಡಿನಿಂದ 60ಕ್ಕೆ ಇಳಿಯಬೇಕಿತ್ತು. ಅಜ್ಜಿ ಹೇಳುವಾಗ ತಡವಾಗಿ ಬಂದ ಕುಡಿ ನಡೆದದ್ದನ್ನೆಲ್ಲ ಮತ್ತೆ ಹೇಳುತ್ತದೆ. ಕೇಳುವವರಿಗೆ ಅದು ಹಿತ. ಕಣ್ಣಾರೆ ಕಂಡದ್ದನ್ನು ಚಿತ್ರದಲ್ಲಿ ಮತ್ತೆ ಹೇಳಿದರೆ ಜೀವ ಹೋಗುತ್ತದೆ. ನೋಡುವವರಿಗೆ ಇಲ್ಲಿ ಹೊಸದು ಒಂದೇ: ಗಂಡನಿಗೆ ಗೊತ್ತಾಗುವುದು. ಆದ್ದರಿಂದ ಕುಡಿಗಳಿಗೆ ಮಾತೇ ಕೊಡಲಿಲ್ಲ. ತಡವಾಗಿ ಬಂದ ಕುಡಿ ಒಂದು ಸೆಕೆಂಡ್ ಕೆರದ ಆಕಾರಕ್ಕೆ ಬಾಗುತ್ತದೆ, ಒಂದು ಸೆಕೆಂಡ್ ಕೋಟಿನಂತೆ ಹರಡುತ್ತದೆ. ಕಂಬದ ಹಿಂದೆ ಗಂಡನ ಒಂದು ಕಣ್ಣು ಬೆಳಗುತ್ತದೆ. ಅಷ್ಟೇ ಸಾಕಾಯಿತು. ಗುಸುಗುಸುವಿಗೆ ಅಜ್ಜಿಯ ಕಟ್ಟಡದ ಆರು ಹೆಂಗಸರು ಬಾಯಿ ಮುಚ್ಚಿ ಗುನುಗಿದ್ದನ್ನು ಬಳಸಿದೆವು. ಹೊಸ ಕುಡಿ ಬರುವ ಮೊದಲು ಒಂದೂವರೆ ಸೆಕೆಂಡ್ ಪೂರ್ತಿ ಮೌನ. ಮೊದಲು ನಲವತ್ತು ಕುಡಿ ಬಿಡಿಸಿದ್ದೆವು, ತಡವಾಗಿ ಬಂದದ್ದು ಯಾವುದೆಂದು ಕಣ್ಣಿಗೆ ಸಿಗುತ್ತಿರಲಿಲ್ಲ. ಹನ್ನೊಂದಕ್ಕೆ ಇಳಿಸಿ, ಹಿಂದೆ ಚುಕ್ಕಿಗಳನ್ನು ಇಟ್ಟೆವು.

ಕುಡಿ ಕುಣಿಯುವುದಕ್ಕೆ ಒಂದೇ ಸುತ್ತಿನ ಚಿತ್ರಗಳನ್ನು ಮತ್ತೆ ಮತ್ತೆ ಓಡಿಸುತ್ತೇವಲ್ಲ, ಎಲ್ಲಕ್ಕೂ 8 ಚಿತ್ರದ ಸುತ್ತು ಕೊಟ್ಟರೆ ಎಲ್ಲವೂ ಕವಾಯತು ಮಾಡಿದಂತೆ ಒಟ್ಟಿಗೆ ಬಾಗುತ್ತವೆ. ಒಂದಕ್ಕೆ 7, ಪಕ್ಕದ್ದಕ್ಕೆ 11 ಚಿತ್ರ ಕೊಟ್ಟರೆ, ಎರಡೆರಡು ಫ್ರೇಮಿನ ಲೆಕ್ಕದಲ್ಲಿ, 154 ಫ್ರೇಮ್ ಅಂದರೆ ಆರು ಸೆಕೆಂಡ್ ದಾಟುವವರೆಗೂ ಅವು ಒಂದೇ ಜೋಡಿಯಾಗಿ ಮರಳುವುದಿಲ್ಲ. ನಮ್ಮ ಉದ್ದದ ಶಾಟೇ ಐದು ಸೆಕೆಂಡಿನದು. ಕುಡಿಯ ಸುತ್ತಲ ಬೆಳಕನ್ನು ಮೆಲ್ಲಗೆ ಕಪ್ಪಿಗೆ ಕರಗಿಸಿದ್ದೆವು, ಫೈಲು ಕುಗ್ಗಿಸಿದಾಗ ಅದು ಉಂಗುರ ಉಂಗುರವಾಗಿ ಒಡೆಯಿತು. ಬೆಳಕನ್ನು ಕೈಯಿಂದಲೇ ನಾಲ್ಕು ಮೆಟ್ಟಿಲಾಗಿ ಬಿಡಿಸಿ, ಮೇಲೆ ತೆಳ್ಳಗೆ ಕಾಳು ಕಾಳು ಹರಡಿದ ಮೇಲೆ ಸರಿಯಾಯಿತು.

ಹಾಡನ್ನು ಕೇಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಒಂದು ತಿಂಗಳು ಎಳೆಯಿತು. ಅಜ್ಜಿಯ ಕಥೆಯಲ್ಲಿ ಹಾಡು ಯಾವುದೆಂದು ಇಲ್ಲವೇ ಇಲ್ಲ. ಸಂಗೀತ ಮಾಡಿದ ಗೆಳೆಯ ಒಂದು ಒಳ್ಳೆಯ ಹಾಡು ಕಟ್ಟಿಯೂ ಕೊಟ್ಟ, ಬೀಸುಕಲ್ಲಿನ ಪದದ ಧಾಟಿಯಲ್ಲಿ. ಅದನ್ನು ಹಾಕಿ ನೋಡಿದರೆ ಆಕೆ ಕಳೆದುಕೊಂಡ ಹಾಡು ನೋಡುವವರ ಬಳಿ ಭದ್ರವಾಗಿ ಉಳಿಯುತ್ತಿತ್ತು. ಆಮೇಲೆ “ಯಾವ ಹಾಡ?” ಎಂದಾಗ ಅವರಿಗೆ ಏನೂ ಕಳೆದಿರುತ್ತಿರಲಿಲ್ಲ. ಕೊನೆಗೆ ಅರಿಸಿನದ ದಾರ ಗೂಟ ಹತ್ತುವಾಗ ಪದವಿಲ್ಲದ ಗುನುಗು, ಮೊದಲ ಸಾಲಿನ ಅರ್ಧ, ಅಷ್ಟೇ ಇಟ್ಟೆವು. ಅದು ಎಲ್ಲಿಯೂ ಮುಗಿಯುವುದಿಲ್ಲ.

ಅಂತ್ಯಕ್ಕೆ ನಾಲ್ಕು ಕರಡು ಆದವು. ಮೊದಲನೆಯದರಲ್ಲಿ ಕೆರ ಕೋಟು ಮತ್ತೆ ದಾರವಾಗಿ ಆಕೆಯ ಬಾಯಿಗೆ ಮರಳುತ್ತಿದ್ದವು, ಸೆರಗಿನ ಸಂದುಗಳು ತುಂಬುತ್ತಿದ್ದವು. ಚಿತ್ರವಾಗಿ ಬಹಳ ಚೆಂದವಿತ್ತು. ಆದರೆ ಅದು ಬೇರೆ ಕಥೆ. ಎರಡನೆಯದರಲ್ಲಿ ಗಂಡ ಕ್ಷಮೆ ಕೇಳುತ್ತಿದ್ದ. ನೋಡಿದವರಲ್ಲಿ ಹಲವರಿಗೆ ಇದು ಬೇಕಿತ್ತು. ಆತ ಕ್ಷಮೆ ಕೇಳಿದ ಕೂಡಲೆ ಚಿತ್ರ ಆತನದಾಗುತ್ತದೆ, ಆಕೆ ಒಪ್ಪುತ್ತಾಳೋ ಇಲ್ಲವೋ ಎಂದು ಎಲ್ಲರೂ ಕಾಯುತ್ತಾರೆ, ಕಥೆ ಹಾಡು ಬದಿಗೆ ಸರಿಯುತ್ತವೆ. ಮೂರನೆಯದರಲ್ಲಿ, ಗಂಡ ತಾನು ಕೇಳಿದ್ದನ್ನು ಆಕೆಗೆ ಕಥೆಯಾಗಿ ಹೇಳಲು ಶುರುಮಾಡುತ್ತಿದ್ದ. ಆಕೆಯದನ್ನು ಆತನ ಬಾಯಿಗೆ ಕೊಡುವುದು ಸರಿಯಲ್ಲ ಎಂದು ನಮ್ಮಿಬ್ಬರಿಗೂ ಅನ್ನಿಸಿತು.

ನಾಲ್ಕನೆಯದು ಅಜ್ಜಿ ಹೇಳಿದ ಹಾಗೆಯೇ, ಆ ಮಾತಿನಲ್ಲೇ ಮುಗಿಸುವುದು. “ಯಾವ ಕಥಿ? ಯಾವ ಹಾಡ?” ಎಂದ ಮೇಲೆ 12 ಫ್ರೇಮ್ ಬಿಟ್ಟು ಪರದೆ ಕಪ್ಪು ಮಾಡಿದೆವು. ಇಪ್ಪತ್ತೆರಡು ಜನಕ್ಕೆ ತೋರಿಸಿದಾಗ ನಗು ಬಂತು. ಅರ್ಧ ಸೆಕೆಂಡಿನಲ್ಲಿ ಕತ್ತರಿಸಿದ ಮಾತು ಚಟಾಕಿಯ ಹಾಗೆ ಕೇಳುತ್ತದೆ. ಆಕೆಯ ಮುಖವನ್ನು 48 ಫ್ರೇಮ್, ಎರಡು ಸೆಕೆಂಡ್, ಹಿಡಿದಾಗ ನಗು ಬರಲಿಲ್ಲ, ಕೋಣೆ ಸುಮ್ಮನಾಯಿತು. ಮೂರು ಸೆಕೆಂಡ್ ಹಿಡಿದಾಗ ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಕೆಲವರಿಗೆ ಅನ್ನಿಸಿತು, ಮುಖ ಓದಲು ಅಷ್ಟು ಹೊತ್ತು ಸಿಕ್ಕಿತ್ತು. 48ಕ್ಕೆ ನಿಂತೆವು. ನಿಮ್ಮ ಕಥೆಗೆ ಸಂಖ್ಯೆ ಬೇರೆ ಇರುತ್ತದೆ, ಆದರೆ ಬೇರೆ ಬೇರೆ ಉದ್ದಗಳನ್ನು ಬೇರೆ ಬೇರೆ ಜನಕ್ಕೆ ತೋರಿಸಿ ನೋಡಿ. ಒಮ್ಮೆ ನೋಡಿದವರು ಮುಂದಿನ ಸಲ ಕಾಯುತ್ತಿರುತ್ತಾರೆ, ಅವರ ಮಾತು ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಆ ಕೆರ, ಆ ಕೋಟು ಏನಾದವು? ಅಜ್ಜಿಯನ್ನು ಕೇಳಿದೆವು. “ಅಲ್ಲೇ ಅದಾವಲ್ಲೋ ತಮ್ಮಾ, ಎಲ್ಲಿಗ್ ಹೊಕ್ಕಾವು?” ಅಂದರು. ಆ ಮಾತಿನಿಂದಲೇ ಕೊನೆಯ 35 ಸೆಕೆಂಡ್ ಬಂತು. ಬೆಳಗಾಗಿದೆ. ಆಕೆ ಅಂಗಳ ಗುಡಿಸುತ್ತಾಳೆ. ಹೊಸ್ತಿಲ ಬಳಿ ಕೆರ ಅಡ್ಡ ಬರುತ್ತವೆ. ಬಗ್ಗಿ ಕೈಯಲ್ಲಿ ಎತ್ತಿ ಬದಿಗಿಡುತ್ತಾಳೆ, ಕೆಳಗಿನ ಕಸ ಗುಡಿಸುತ್ತಾಳೆ, ಮತ್ತೆ ಎತ್ತಿ ಇದ್ದಲ್ಲೇ ಇಡುತ್ತಾಳೆ. ಎತ್ತಿದಾಗ ಕೆರದ ಮೇಲಿನ ಗವಂತಿ ಮತ್ತು ಆಕೆಯ ಸೆರಗಿನ ಗವಂತಿ ಅಕ್ಕಪಕ್ಕ ಬರುತ್ತವೆ. ಇದರಲ್ಲಿನ ಗೆರೆ ಅದರಲ್ಲಿನ ಸಂದಿಗೆ ಸರಿಯಾಗಿ ಕೂರುವ ಹಾಗೆ ಬಿಡಿಸಿದ್ದೇವೆ. ಒಂದು ಸೆಕೆಂಡ್ ಹಾಗೆ ಇರುತ್ತದೆ, ಆಕೆ ನೋಡುವುದಿಲ್ಲ.

ಖರ್ಚಿನ ವಿಷಯ. ಅಜ್ಜಿಗೆ 15,000, ಗೆರೆ ತಿದ್ದಿ ಬಣ್ಣ ತುಂಬಿದ ಇಬ್ಬರು ವಿದ್ಯಾರ್ಥಿಗಳಿಗೆ 70,000, ಧ್ವನಿ ವಿನ್ಯಾಸ ಮತ್ತು ಮಿಶ್ರಣಕ್ಕೆ 48,000, ಚಿತ್ರಮಂದಿರದ ಡಿಸಿಪಿ ಪ್ರತಿಗೆ 9,000. ಒಟ್ಟು 1,42,000 ರೂಪಾಯಿ, ನಮ್ಮಿಬ್ಬರ ಹದಿನಾಲ್ಕು ತಿಂಗಳ ದುಡಿಮೆ ಹೊರತಾಗಿ. ಡಿಸಿಪಿ ಮಾಡಿಸುವವರು ಒಂದು ಮಾತು ಮೊದಲೇ ತಿಳಿದಿರಬೇಕು. ಚಿತ್ರಮಂದಿರದ ‘ಫ್ಲಾಟ್’ ಅಳತೆ 1998×1080. ನಾವು 1920×1080ರಲ್ಲಿ ಬಿಡಿಸಿದ್ದರಿಂದ ಎರಡೂ ಬದಿಗೆ 39 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯಿತು. ನಮ್ಮ ಹಿನ್ನೆಲೆ ಕಪ್ಪಾದ್ದರಿಂದ ಬಚಾವಾದೆವು. ಫ್ರೇಮು 25ಕ್ಕೆ ಹೋಗದೆ ಮೊದಲಿನಿಂದ 24ರಲ್ಲೇ ಇದ್ದದ್ದೂ ಒಳ್ಳೆಯದಾಯಿತು.

ಸಬ್‌ಟೈಟಲ್‌ನಲ್ಲಿ ಇನ್ನೊಂದು ಎಡವಟ್ಟು ಕಾದಿತ್ತು. ಬರೆದುಕೊಟ್ಟವರು ಪದ್ಧತಿಯಂತೆ ಸಾಲನ್ನು ಮಾತು ಮುಗಿದ ಮೇಲೂ ಒಂದು ಸೆಕೆಂಡ್ ಉಳಿಸಿದ್ದರು. ಬೇರೆ ಕಡೆ ಸರಿ, ಕೊನೆಯ ಮಾತಿಗೆ ಮಾತ್ರ ಅಲ್ಲ. ಆ ಎರಡು ಸೆಕೆಂಡಿನ ಅರ್ಧ ಹೊತ್ತು ಕಣ್ಣು ಕೆಳಗಿನ ಅಕ್ಷರದ ಮೇಲೇ ಇರುತ್ತದೆ, ಮುಖ ನೋಡುವುದೇ ಇಲ್ಲ. ಸಾಲನ್ನು ‘ಹಾಡ’ದ ಕೊನೆಯ ಫ್ರೇಮಿಗೇ ಮುಗಿಸಿದೆವು. ಓದಲು ಹೊತ್ತು ಸಾಲುವುದಿಲ್ಲ ಎಂದು ಗಂಡನ ಪ್ರಶ್ನೆಯನ್ನೂ ಆಕೆಯ ಉತ್ತರವನ್ನೂ ತೀರಾ ಚಿಕ್ಕದಾಗಿಸಿದೆವು.

ಹೆಸರುಗಳು ಸರಿಯುವಾಗ ಆ ಹಾಡನ್ನು ಪೂರ್ತಿ ಹಾಕೋಣ ಎಂದು ಸಂಗೀತದ ಗೆಳೆಯ ಕೊನೆಯವರೆಗೂ ಕೇಳಿದ. ಅಷ್ಟು ಒಳ್ಳೆಯ ಹಾಡನ್ನು ಬಿಡುವುದು ನಮಗೂ ಕಷ್ಟವೇ ಆಯಿತು. ಹಾಡು ಬಂದರೆ ಕಳೆದದ್ದು ಸಿಕ್ಕಿತು ಎಂದಾಗುತ್ತದೆ ಎಂದು ಕೂತು ಮಾತಾಡಿದ ಮೇಲೆ ಅವನೇ ಒಪ್ಪಿದ. ಈಗ ಹೆಸರುಗಳ ಅಷ್ಟೂ ಹೊತ್ತು ಕೇಳುವುದು ಕಸಬರಿಗೆಯ ಸಪ್ಪಳ ಮಾತ್ರ. ಅದನ್ನು ಅಜ್ಜಿಯ ಮನೆಯ ಹಿಂದಿನ ಅಂಗಳದಲ್ಲಿ ಬೆಳಗಿನ ಆರಕ್ಕೆ, ಮೊದಲ ರೈಲುಗಳ ನಡುವಿನ ಸಂದಿನಲ್ಲಿ ಮುದ್ರಿಸಿಕೊಂಡೆವು.